ಒಂದು ಫೀಲ್ಡಿನ ಚಿತ್ರ, ನೂರು ಫೀಲ್ಡಿನ ವರದಿ

ಕೆಲವು ತಿಂಗಳ ಹಿಂದೆ ಮಧುಗಿರಿ ಕಡೆಯ ಪ್ರಯೋಗಾಲಯವೊಂದರಿಂದ ಯುವ ತಂತ್ರಜ್ಞರೊಬ್ಬರು ಕ್ಷಯ ಪರೀಕ್ಷೆಗೆ ಬಂದ ಕಫದ ಸ್ಲೈಡಿನ ಚಿತ್ರವನ್ನು ತುಮಕೂರಿನಲ್ಲಿದ್ದ ನನ್ನ ಮೊಬೈಲಿಗೆ ಕಳುಹಿಸಿ, "ಮೇಡಂ, ಇದು 2+ ಅಲ್ಲವೇ?" ಎಂದು ಕೇಳಿದರು. ತಿಳಿನೀಲಿ ಹಿನ್ನೆಲೆಯಲ್ಲಿ ತೆಳುವಾದ, ತುಸು ಬಾಗಿದ ಎಂಟು ಕೆಂಪು ಕಡ್ಡಿಗಳು ಕಾಣುತ್ತಿದ್ದವು. ಎರಡು ಒಂದರ ತುದಿಗೆ ಇನ್ನೊಂದು ತಾಗಿ ಕೋನವಾಗಿ ನಿಂತಿದ್ದವು. ಚಿತ್ರ ಸ್ಪಷ್ಟವಾಗಿತ್ತು, ಆದರೆ ಅದರಿಂದ ಕಫದಲ್ಲಿ ದಂಡಾಣುಗಳು ಎಷ್ಟಿವೆ ಎಂಬ ಗ್ರೇಡ್ ಹೇಳಲು ಬರುವುದಿಲ್ಲ.

ಕಾರ್ಬಾಲ್ ಫುಕ್ಸಿನ್ನಿನ ಕೆಂಪನ್ನು ಹೀರಿದ ಕ್ಷಯದ ದಂಡಾಣು, 25% ಗಂಧಕಾಮ್ಲ ಸುರಿದರೂ ಆ ಬಣ್ಣ ಬಿಡುವುದಿಲ್ಲ. ಉಳಿದದ್ದೆಲ್ಲ ಬಣ್ಣ ಕಳೆದುಕೊಂಡು ಮೆಥಿಲಿನ್ ಬ್ಲೂನಿಂದ ನೀಲಿಯಾಗುತ್ತದೆ. ಎಣ್ಣೆ ಹಾಕಿ ನೋಡುವ 100 ಪಟ್ಟಿನ ಲೆನ್ಸಿನಲ್ಲಿ ಒಂದು ಸಲಕ್ಕೆ ಕಾಣುವ ವೃತ್ತದ, ಅಂದರೆ ಒಂದು ಫೀಲ್ಡಿನ ಅಗಲ ಸುಮಾರು 0.2 ಮಿ.ಮೀ. ಇರುವುದರಿಂದ, ಸ್ಲೈಡಿನ ಮೇಲೆ ಕಫ ಹಚ್ಚಿ ಮಾಡಿದ 2 ಸೆಂ.ಮೀ. ಉದ್ದದ ಲೇಪವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಿದರೆ ಸುಮಾರು ನೂರು ಫೀಲ್ಡುಗಳಾಗುತ್ತವೆ. ಆ ನೂರರಲ್ಲಿ ಒಟ್ಟು 1ರಿಂದ 9 ದಂಡಾಣು ಸಿಕ್ಕರೆ ಸ್ಕ್ಯಾಂಟಿ ಎಂದು ಬರೆದು ಪಕ್ಕದಲ್ಲಿ ಆ ಸಂಖ್ಯೆಯನ್ನೂ ನಮೂದಿಸಬೇಕು; 10ರಿಂದ 99 ಸಿಕ್ಕರೆ 1+. ಪ್ರತಿ ಫೀಲ್ಡಿಗೆ ಸರಾಸರಿ 1ರಿಂದ 10 ಇದ್ದು, ಕನಿಷ್ಠ 50 ಫೀಲ್ಡ್ ನೋಡಿದ್ದರೆ 2+. ಹತ್ತಕ್ಕಿಂತ ಹೆಚ್ಚಿದ್ದರೆ 20 ಫೀಲ್ಡ್ ನೋಡಿ 3+ ಎನ್ನಬಹುದು.

ಆ ತಂತ್ರಜ್ಞರ ತಪ್ಪು ಸಹಜವಾದದ್ದು. ಒಂದು ಫೀಲ್ಡಿನಲ್ಲಿ ಎಂಟು ಎಂದರೆ ಪಟ್ಟಿಯ ಪ್ರಕಾರ 2+ ಸಾಲಿಗೇ ಬರುತ್ತದೆ. ಆದರೆ ಚಿತ್ರ ತೆಗೆಯುವವರು ಖಾಲಿ ಫೀಲ್ಡಿನ ಚಿತ್ರ ತೆಗೆಯುವುದಿಲ್ಲ, ಹೆಚ್ಚು ಕಂಡ ಜಾಗವನ್ನೇ ಹುಡುಕಿ ತೆಗೆಯುತ್ತಾರೆ. ಕಫದಲ್ಲಿ ದಂಡಾಣುಗಳು ಸಮನಾಗಿ ಹರಡಿರುವುದೂ ಇಲ್ಲ. ಲೇಪವನ್ನು ಮೊದಲಿನಿಂದ ಓದಿ, ಪ್ರತಿ ಫೀಲ್ಡಿಗೂ ಗೆರೆ ಹಾಕುತ್ತ ಹೋಗಿ ಎಂದೆ. ಜೊತೆಗೆ, ಅದೇ ಜಾಗದಲ್ಲಿ ಫೈನ್ ಫೋಕಸನ್ನು ತುಸು ತಿರುಗಿಸಿ ಇನ್ನೊಂದು ಚಿತ್ರ ಕಳುಹಿಸಿ ಎಂದೂ ಕೇಳಿದೆ, ಏಕೆಂದರೆ ಎಂಟರಲ್ಲಿ ಒಂದರ ಅಂಚು ಹೆಚ್ಚು ಚೂಪಾಗಿ, ಬಣ್ಣ ಹೆಚ್ಚು ಗಾಢವಾಗಿ ತೋರಿತ್ತು. ಎರಡನೆಯ ಚಿತ್ರದಲ್ಲಿ ಜೀವಕೋಶಗಳೂ ಏಳು ಕಡ್ಡಿಗಳೂ ಒಟ್ಟಿಗೆ ಮಸುಕಾದರೆ ಅದೊಂದು ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ನಿಂತಿತು; ಅದು ಲೇಪದ ಮೇಲೆ ಕುಳಿತ ಬಣ್ಣದ ಹರಳು. ಸೋಸದ ಬಣ್ಣ ಬಳಸಿದಾಗ, ಕಾಯಿಸುವಾಗ ಬಣ್ಣ ಒಣಗಿದಾಗ ಇಂಥ ಹರಳುಗಳು ಉಳಿಯುತ್ತವೆ.

ನೂರು ಫೀಲ್ಡುಗಳ ಲೆಕ್ಕ ಬಂದಾಗ ಒಟ್ಟು 34 ದಂಡಾಣುಗಳಿದ್ದವು, ಅದರಲ್ಲಿ ಏಳು ಆ ಒಂದೇ ಫೀಲ್ಡಿನವು. ಹೆಚ್ಚಿನ ಫೀಲ್ಡುಗಳು ಖಾಲಿ. ವರದಿ 1+ ಎಂದು ಹೋಯಿತು.

ಈ ವ್ಯತ್ಯಾಸ ಮುಂದಿನ ಕಫ ಪರೀಕ್ಷೆಯಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ತಿಂಗಳ ಚಿಕಿತ್ಸೆಯ ನಂತರವೂ ಆ ರೋಗಿಯ ಲೇಪ 1+ ಎಂದೇ ಬಂದಿದ್ದರೆ, ಮೊದಲ ವರದಿಯಲ್ಲಿ 2+ ಎಂದು ಬರೆದಿದ್ದ ಪಕ್ಷದಲ್ಲಿ ವೈದ್ಯರು ಅದನ್ನು ಇಳಿಕೆ ಎಂದು ತಿಳಿಯುತ್ತಿದ್ದರು. ವಾಸ್ತವದಲ್ಲಿ ಬಂದದ್ದು ಸ್ಕ್ಯಾಂಟಿ 4. ಸತ್ತ ದಂಡಾಣುವೂ ಇದೇ ಕೆಂಪನ್ನು ಹಿಡಿಯುವುದರಿಂದ, ಆ ನಾಲ್ಕು ಜೀವಂತವೇ ಎಂದು ತಿಳಿಯಲು ಮಾದರಿಯನ್ನು ದಂಡಾಣು ಬೆಳೆಯುತ್ತದೆಯೇ ಎಂದು ನೋಡುವ ಕಲ್ಚರಿಗೆ ಕಳುಹಿಸಿದೆವು.