ಕಿಲೋಗೆ 7,700 ಕ್ಯಾಲೊರಿ: ಈ ಲೆಕ್ಕ ಎಲ್ಲಿ ತಪ್ಪುತ್ತದೆ

ಮೂರು ತಿಂಗಳ ಹಿಂದೆ ಡಯಟ್ ಶುರು ಮಾಡಿದ್ದ ಟೀಚರ್ ಒಬ್ಬರು ಮೊನ್ನೆ ಬಂದು ನನ್ನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟರು. ಪ್ರತಿ ಪುಟದಲ್ಲೂ ಎರಡು ಸಾಲು. ಒಂದರಲ್ಲಿ ತೂಕ ಎಷ್ಟಿರಬೇಕಿತ್ತು, ಇನ್ನೊಂದರಲ್ಲಿ ಎಷ್ಟಿದೆ. ಮೊದಲ ವಾರ ಎರಡನೇ ಸಾಲು ತುಂಬ ಮುಂದಿತ್ತು. ಹನ್ನೆರಡನೇ ವಾರಕ್ಕೆ ಒಂದೂವರೆ ಕಿಲೋ ಹಿಂದೆ ಬಿದ್ದಿತ್ತು. "ಮೇಡಂ, ನಾನು ಕದ್ದು ಏನೂ ತಿಂದಿಲ್ಲ" ಎಂದು ಅವರು ಹೇಳಿದಾಗ ಕಣ್ಣಲ್ಲಿ ನೀರಿತ್ತು. ಆ ಮಾತು ನನಗೆ ಚುಚ್ಚಿತು. ಅವರು ತಪ್ಪು ಮಾಡಿರಲಿಲ್ಲ, ತಪ್ಪಿದ್ದು ಮೊದಲ ಸಾಲಿನಲ್ಲಿ.

ಆ ಸಾಲನ್ನು ಅವರು ಹಾಕಿದ್ದು ನಮಗೆಲ್ಲ ಗೊತ್ತಿರುವ ಸೂತ್ರದಿಂದ. ಒಂದು ಕಿಲೋ ಕೊಬ್ಬು ಎಂದರೆ 7,700 ಕ್ಯಾಲೊರಿ, ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಇಳಿಯಬೇಕು. 1958ರಲ್ಲಿ ಅಮೆರಿಕದ ವೈದ್ಯ ಮ್ಯಾಕ್ಸ್ ವಿಷ್ನೋಫ್ಸ್ಕಿ ಬರೆದ ಲೇಖನದಿಂದ ಈ ಸಂಖ್ಯೆ ಎಲ್ಲ ಕಡೆ ಹರಡಿತು. ಅವರು ಹೇಳಿದ್ದು ಪೌಂಡಿಗೆ 3,500, ಅದನ್ನೇ ನಾವು ಕಿಲೋ ಮಾಡಿಕೊಂಡಿದ್ದೇವೆ. ಸಂಖ್ಯೆ ಸುಮ್ನೆ ಹುಟ್ಟಿದ್ದಲ್ಲ. ನಮ್ಮ ಚರ್ಮದಡಿಯ ಕೊಬ್ಬಿನ ಪದರದಲ್ಲಿ ಸುಮಾರು 87 ಭಾಗ ಮಾತ್ರ ನಿಜವಾದ ಕೊಬ್ಬು, ಉಳಿದದ್ದು ನೀರು ಮತ್ತು ಜೀವಕೋಶಗಳು. ಅಂದರೆ ಕಿಲೋಗೆ 870 ಗ್ರಾಂ. ಗ್ರಾಂಗೆ ಸುಮಾರು 9 ಕ್ಯಾಲೊರಿ ಹಿಡಿದರೆ 7,830, ಆ ಹಳೆಯ ಸಂಖ್ಯೆಯ ಹತ್ತಿರಕ್ಕೇ ಬರುತ್ತದೆ. ಇಲ್ಲೇ ಒಂದು ವಿಷಯ ಗಮನಿಸಿ. ಆ 87 ಒಂದು ಸರಾಸರಿ. ಪದರದಲ್ಲಿ ನೀರು ಜಾಸ್ತಿ ಇದ್ದರೆ ಅದೇ ಒಂದು ಕಿಲೋದಲ್ಲಿ ಕ್ಯಾಲೊರಿ ಕಡಿಮೆ ಇರುತ್ತದೆ.

ಆದರೆ ದೊಡ್ಡ ತೊಂದರೆ ಅದಲ್ಲ. ತೂಕದ ಯಂತ್ರ ಒಂದು ಕಿಲೋ ಕಡಿಮೆ ತೋರಿಸಿದಾಗ ಹೋದದ್ದೆಲ್ಲ ಕೊಬ್ಬೇ ಆಗಿರುವುದಿಲ್ಲ.

ಟೀಚರ್ ಅವರ ಮೊದಲ ವಾರವನ್ನೇ ನೋಡಿ. ರಾತ್ರಿಯ ಅನ್ನ ಬಿಟ್ಟರು, ಸಂಜೆಯ ಬಜ್ಜಿ ಬಿಟ್ಟರು, ದಿನಕ್ಕೆ ಅಂದಾಜು 500 ಕ್ಯಾಲೊರಿ ಕಡಿಮೆಯಾಯಿತು. ವಾರಕ್ಕೆ 3,500. ಸೂತ್ರದ ಪ್ರಕಾರ 450 ಗ್ರಾಂ ಇಳಿಯಬೇಕು, ಇಳಿದದ್ದು 1.4 ಕಿಲೋ. ಅನ್ನ ಕಡಿಮೆಯಾದಾಗ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಮೊದಲು ಕರಗುತ್ತದೆ. ಅದು ಪಿಷ್ಟದಂಥ ಸಕ್ಕರೆ, ಒಂದೊಂದು ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹಿಡಿದುಕೊಂಡಿರುತ್ತದೆ. 250 ಗ್ರಾಂ ಗ್ಲೈಕೋಜನ್ ಖರ್ಚಾದರೆ 750 ಗ್ರಾಂ ನೀರೂ ಮೂತ್ರವಾಗಿ ಹೋಗುತ್ತದೆ. ಯಂತ್ರದಲ್ಲಿ ಪೂರ್ತಿ ಒಂದು ಕಿಲೋ ಇಳಿಕೆ, ಖರ್ಚಾದದ್ದು ಬರೀ 1,000 ಕ್ಯಾಲೊರಿ! ಉಳಿದ 2,500 ಕ್ಯಾಲೊರಿಗೆ ಬೇರೆ ಕಡೆಯಿಂದ ಮುನ್ನೂರು ನಾನೂರು ಗ್ರಾಂ ಹೋಗಿರುತ್ತದೆ. ಕೂಡಿಸಿದರೆ ಹೆಚ್ಚುಕಡಿಮೆ ಅವರ 1.4 ಬಂತು. ಎರಡು ದಿನ ಮದುವೆ ಊಟ ಮಾಡಿದಾಗ ಕಿಲೋಗಟ್ಟಲೆ ವಾಪಸ್ ಬರುವುದೂ ಬಹುಪಾಲು ಇದೇ ನೀರು. ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದರೆ ಇನ್ನೂ ಸ್ವಲ್ಪ ನೀರು ನಿಲ್ಲುತ್ತದೆ.

ಆ ನೀರು ಹೋದ ಮೇಲೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆ ಸ್ನಾಯುವಿನಂಥ ಭಾಗವೂ ಇರುತ್ತದೆ. ಸ್ನಾಯು ಬಹುಪಾಲು ನೀರೇ. ಹಾಗಾಗಿ ಅದರ ಒಂದು ಕಿಲೋದಲ್ಲಿ ಸಿಗುವುದು ಸುಮಾರು 1,800 ಕ್ಯಾಲೊರಿ. ಶುದ್ಧ ಕೊಬ್ಬಿನ ಒಂದು ಕಿಲೋದಲ್ಲಿ 9,400. ಎರಡೂ ಯಾವ ಪ್ರಮಾಣದಲ್ಲಿ ಬೆರೆತು ಹೋಗುತ್ತವೆ ಎನ್ನುವುದರ ಮೇಲೆ ಇಳಿಯುವ ಒಂದು ಕಿಲೋದ ಕ್ಯಾಲೊರಿ ಬೆಲೆ ನಿಂತಿದೆ. ಆ ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ. ದೇಹದಲ್ಲಿ ಕೊಬ್ಬು ಜಾಸ್ತಿ ಇದ್ದವರಲ್ಲಿ ಹೋಗುವುದು ಹೆಚ್ಚಾಗಿ ಕೊಬ್ಬು, ತೆಳ್ಳಗಿರುವವರಲ್ಲಿ ಸ್ನಾಯುವಿನ ಪಾಲು ಏರುತ್ತದೆ. ಗಿಲ್ಬರ್ಟ್ ಫೋರ್ಬ್ಸ್ ಎಂಬ ವೈದ್ಯ ವಿಜ್ಞಾನಿ ಇದಕ್ಕೆ ಒಂದು ಸೂತ್ರ ಕೊಟ್ಟರು. ಸಂಶೋಧಕ ಕೆವಿನ್ ಹಾಲ್ ಅದನ್ನು ಬಳಸಿ 2008ರಲ್ಲಿ ಕಿಲೋದ ಲೆಕ್ಕವನ್ನು ಹೊಸದಾಗಿ ಹಾಕಿದರು.

ಟೀಚರ್ ಅವರ ತೂಕ 82 ಕಿಲೋ ಇತ್ತು, ಕೊಬ್ಬು ಅಂದಾಜು 34 ಕಿಲೋ. ಆ ಸೂತ್ರದಲ್ಲಿ ಇಟ್ಟರೆ ಇಳಿಯುವ ಒಂದು ಕಿಲೋದಲ್ಲಿ ಮುಕ್ಕಾಲು ಭಾಗ ಕೊಬ್ಬು, ಕಿಲೋದ ಬೆಲೆ 7,700ರ ಹತ್ತಿರವೇ. ಅವರ ತಮ್ಮನೂ ಅದೇ ಡಯಟ್ ಮಾಡುತ್ತಿದ್ದ. 68 ಕಿಲೋ ಹುಡುಗ, ಕೊಬ್ಬು 12 ಕಿಲೋ. ಅವನಿಗೆ ಲೆಕ್ಕ ಹಾಕಿದರೆ ಕೊಬ್ಬು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಕಿಲೋಗೆ ಸುಮಾರು 5,900. ಅಷ್ಟೇ ಕ್ಯಾಲೊರಿ ಕಡಿಮೆ ಮಾಡಿದರೂ ಅವನ ತೂಕ ಬೇಗ ಇಳಿಯುತ್ತದೆ. "ಅವನಿಗೆ ಮಾತ್ರ ಹೇಗೆ ಇಳೀತಿದೆ?" ಎಂದು ಅಕ್ಕ ಬೇಜಾರು ಮಾಡಿಕೊಂಡಿದ್ದರು. ಅವನು ಕಳೆದುಕೊಳ್ಳುತ್ತಿರುವುದರಲ್ಲಿ ಅರ್ಧದಷ್ಟು ಸ್ನಾಯುವಿನ ಭಾಗ ಇರಬಹುದು ಎಂದು ತಿಳಿದರೆ ಹೊಟ್ಟೆಕಿಚ್ಚು ಬರುವುದಿಲ್ಲ, ಅಲ್ವಾ? ಇದು ಸರಾಸರಿಯ ಸೂತ್ರ ಎನ್ನುವುದೂ ನೆನಪಿರಲಿ. ಭಾರ ಎತ್ತುವ ವ್ಯಾಯಾಮ ಮಾಡಿ, ಬೇಳೆ ಕಾಳು ಮೊಟ್ಟೆ ಸಾಕಷ್ಟು ತಿಂದರೆ ಸ್ನಾಯು ಹೆಚ್ಚು ಉಳಿಯುತ್ತದೆ. ಆಗ ಅವನ ತೂಕ ನಿಧಾನವಾಗಿ ಇಳಿಯುತ್ತದೆ. ನನಗೆ ಅವನಲ್ಲಿ ಬೇಕಿರುವುದು ಆ ನಿಧಾನವೇ.

ಹಾಗಾದರೆ ಟೀಚರ್ ಅವರ ಕಿಲೋದ ಬೆಲೆ ಸರಿಯಿದ್ದೂ ಹನ್ನೆರಡು ವಾರಕ್ಕೆ 5.5 ಕಿಲೋ ಬದಲು 4 ಕಿಲೋ ಯಾಕೆ ಇಳಿಯಿತು? ಅದರಲ್ಲೂ ಮೊದಲ ಒಂದು ಕಿಲೋ ನೀರಿನದು. ಉತ್ತರ ಸೂತ್ರದ ಇನ್ನೊಂದು ತುದಿಯಲ್ಲಿದೆ. 500 ಕ್ಯಾಲೊರಿಯ ಕೊರತೆ ಕೊನೆಯವರೆಗೂ 500 ಆಗಿಯೇ ಇರುತ್ತದೆ ಎಂದು ಸೂತ್ರ ಅಂದುಕೊಳ್ಳುತ್ತದೆ. ತೂಕ ಇಳಿದ ದೇಹ ಕಡಿಮೆ ಖರ್ಚು ಮಾಡುತ್ತದೆ. ಮೆಟ್ಟಿಲು ಹತ್ತಲು ಹೊರುವ ಭಾರವೇ ಕಡಿಮೆ. ಸರಾಸರಿಯಲ್ಲಿ ಒಂದು ಕಿಲೋ ಇಳಿದರೆ ದಿನದ ಖರ್ಚು ಸುಮಾರು 24 ಕ್ಯಾಲೊರಿ ಕುಗ್ಗುತ್ತದೆ ಎಂದು ಹಾಲ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಕೊರತೆ ತಾನಾಗಿ ಕರಗುತ್ತಾ ಹೋಗುತ್ತದೆ.

ಒಂದು ವರ್ಷಕ್ಕೆ ಲೆಕ್ಕ ಹಾಕಿ ನೋಡಿ. ಹಳೆಯ ಸೂತ್ರ ಹೇಳುವುದು 23 ಕಿಲೋಗಿಂತ ಜಾಸ್ತಿ. ಹೊಸ ಲೆಕ್ಕದಲ್ಲಿ 500ನ್ನು 24ರಿಂದ ಭಾಗಿಸಿದರೆ ಸುಮಾರು 21 ಕಿಲೋ, ಅದೂ ಮೂರು ವರ್ಷದಷ್ಟು ಹಿಡಿಯುತ್ತದೆ. ಮೊದಲ ವರ್ಷದಲ್ಲಿ ಅದರ ಅರ್ಧ, ಹತ್ತು ಕಿಲೋ ಆಸುಪಾಸು. ಆಮೇಲೆ ಇಳಿಕೆ ನಿಧಾನವಾಗುತ್ತಾ ಹೋಗಿ, ಮೂರು ವರ್ಷದ ಹೊತ್ತಿಗೆ ತೂಕ ಹೆಚ್ಚುಕಡಿಮೆ ನಿಲ್ಲುತ್ತದೆ.

ನಾನೂ ವರ್ಷಗಟ್ಟಲೆ ಆ ನೇರ ಗೆರೆಯ ಚಾರ್ಟ್ ಕೊಟ್ಟಿದ್ದೇನೆ. ಗುರಿ ತಲುಪದವರು ಸುಳ್ಳು ಹೇಳುತ್ತಿದ್ದಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೂ ಇದೆ. ಅದಕ್ಕೆ ಇವತ್ತಿಗೂ ಬೇಸರವಾಗುತ್ತದೆ. ಎಣ್ಣೆ, ತುಪ್ಪ ಲೆಕ್ಕ ತಪ್ಪುವುದು ನಿಜ, ಅದನ್ನು ಕೇಳಲೇಬೇಕು. ಆದರೆ ಮೊದಲು ನಾನು ಹಾಕಿದ ಗೆರೆ ಸರಿಯಿದೆಯಾ ಎಂದು ನೋಡಬೇಕು.

ಟೀಚರ್ ಅವರ ಹೊಕ್ಕುಳ ಸುತ್ತ ಟೇಪ್ ಹಿಡಿದೆ. ಮೂರು ತಿಂಗಳಲ್ಲಿ 5 ಸೆಂಟಿಮೀಟರ್ ಕಡಿಮೆಯಾಗಿತ್ತು. ಕೊಬ್ಬು ಕರಗಿದ್ದಕ್ಕೆ ನಾನು ನಂಬುವ ಗುರುತು ಇದು. ಕಾಲಿಟ್ಟು ನಿಲ್ಲುವ ಬಾಡಿ ಫ್ಯಾಟ್ ಯಂತ್ರ ಮೈಯಲ್ಲಿ ನೀರು ಏರುಪೇರಾದರೆ ತಪ್ಪು ಹೇಳುತ್ತದೆ. ನೋಟ್‌ಬುಕ್‌ನ ಮೊದಲ ಸಾಲನ್ನು ಹೊಡೆದು ಹಾಕಿ ಹೊಸದು ಬರೆದುಕೊಟ್ಟೆ. ನೇರ ಗೆರೆ ಇಲ್ಲ, ನಿಧಾನವಾಗಿ ಬಾಗುವ ಗೆರೆ. ಅದರಲ್ಲೂ ಮೇಲೆ ಕೆಳಗೆ ಒಂದೂವರೆ ಕಿಲೋ ಜಾಗ ಬಿಟ್ಟಿದ್ದೇನೆ. ದಿನದ ತೂಕ ಬರೆಯುವ ಬದಲು ವಾರದ ಸರಾಸರಿ ಬರೆಯಲು ಹೇಳಿದೆ. ಮುಟ್ಟಿನ ವಾರದಲ್ಲಿ ಏರಿದರೆ ಗಾಬರಿಯಾಗದೆ ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿ ಎಂದೆ. ಅವರು ಪುಟವನ್ನು ತಿರುಗಿಸಿ ನೋಡಿದರು. ಅವರ ಹನ್ನೆರಡು ವಾರಗಳೂ ಆ ಹೊಸ ಗೆರೆಯ ಒಳಗೇ ಇದ್ದವು.