ಬೆಳಕಿನ ಖರ್ಚು ಬೇರೆ, ಬರೆಯುವ ಖರ್ಚು ಬೇರೆ

ಫೋನಿನ ಪರದೆ ಕರೆಂಟನ್ನು ಎರಡು ಕೆಲಸಗಳಿಗೆ ಬಳಸುತ್ತದೆ. ಒಂದು, ಬೆಳಕು ಕೊಡುವುದಕ್ಕೆ. ಇನ್ನೊಂದು, ಚಿತ್ರವನ್ನು ಮತ್ತೆ ಮತ್ತೆ ಬರೆಯುವುದಕ್ಕೆ. '1ರಿಂದ 120 ಹರ್ಟ್ಸ್ ವರೆಗೆ ಬದಲಾಗುವ ಪರದೆ' ಎಂದು ಜಾಹೀರಾತಿನಲ್ಲಿ ಓದಿದಾಗ, ಉಳಿತಾಯ ಆಗುವುದು ಎರಡನೆಯ ಕೆಲಸದಲ್ಲಿ ಮಾತ್ರ. ಬೆಳಕಿನ ಖರ್ಚಿಗೂ ಈ ಸಂಖ್ಯೆಗೂ ನೇರ ಸಂಬಂಧವೇ ಇಲ್ಲ. ಒಎಲ್‌ಇಡಿ ಪಿಕ್ಸೆಲ್ ಒಂದು ಸಲ ಹೊತ್ತಿಕೊಂಡರೆ, ಸೆಕೆಂಡಿಗೆ ಒಂದೇ ಬಾರಿ ಬರೆದರೂ 120 ಬಾರಿ ಬರೆದರೂ ಅಷ್ಟೇ ಕರೆಂಟು ಕುಡಿಯುತ್ತಾ ಉರಿಯುತ್ತಿರುತ್ತದೆ.

ಹಾಗಾದರೆ ಅದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುವುದು ಯಾಕೆ? ಒಂದು ಪಿಕ್ಸೆಲ್ಲಿನ ಒಳಗೆ ಇಣುಕಿದರೆ ಗೊತ್ತಾಗುತ್ತದೆ. ಅಲ್ಲಿ ಒಂದು ಪುಟ್ಟ ಕೆಪಾಸಿಟರ್ ಇದೆ, ಅದರ ಸುತ್ತ ಸಾಮಾನ್ಯವಾಗಿ ಏಳು ಟ್ರಾನ್ಸಿಸ್ಟರುಗಳಿವೆ. ಎಷ್ಟು ಹೊಳೆಯಬೇಕು ಎಂಬ ಲೆಕ್ಕ ಆ ಕೆಪಾಸಿಟರಿನಲ್ಲಿ ವೋಲ್ಟೇಜ್ ಆಗಿ ಕೂತಿರುತ್ತದೆ. ತೊಂದರೆ ಏನೆಂದರೆ, ಅದು ಸಣ್ಣ ತೂತಿರುವ ಕೊಡದ ಹಾಗೆ. ಬಾಗಿಲು ಕಾಯುವ ಟ್ರಾನ್ಸಿಸ್ಟರ್ 'ಮುಚ್ಚಿದೆ' ಅಂದರೂ ಸ್ವಲ್ಪ ಸ್ವಲ್ಪ ಕರೆಂಟು ಸೋರುತ್ತಲೇ ಇರುತ್ತದೆ. ವೋಲ್ಟೇಜ್ ಬದಲಾದರೆ ಪಿಕ್ಸೆಲ್ಲಿನ ಹೊಳಪೂ ಬದಲಾಗುತ್ತದೆ. 120 ಹರ್ಟ್ಸ್‌ನಲ್ಲಿ ಈ ವೋಲ್ಟೇಜನ್ನು ಬರೀ 8.3 ಮಿಲಿಸೆಕೆಂಡು ಕಾಪಾಡಿದರೆ ಸಾಕು, ಅಷ್ಟರಲ್ಲಿ ಹೊಸದಾಗಿ ತುಂಬಿಸಿ ಆಗಿರುತ್ತದೆ. 1 ಹರ್ಟ್ಸ್‌ಗೆ ಇಳಿದರೆ ಪೂರ್ತಿ ಒಂದು ಸೆಕೆಂಡು ಕಾಪಾಡಬೇಕು. ಅಂದರೆ ಸೋರುವುದಕ್ಕೆ 120 ಪಟ್ಟು ಜಾಸ್ತಿ ಸಮಯ. ಹಳೆಯ ಬಗೆಯ ಪರದೆಯನ್ನು ಇಷ್ಟು ನಿಧಾನ ಮಾಡಿದರೆ ಹೊಳಪು ಮೆಲ್ಲಗೆ ಜಾರಿ, ತುಂಬಿಸಿದ ಕ್ಷಣದಲ್ಲಿ ತಟ್ಟನೆ ಮೊದಲಿನ ಮಟ್ಟಕ್ಕೆ ಮರಳುತ್ತದೆ. ಕಣ್ಣಿಗೆ ಅದು ಮಿಣುಕಿದಂತೆ ಕಾಣುತ್ತದೆ.

ಈ ಸೋರಿಕೆ ತಡೆದದ್ದು ಇಂಡಿಯಂ, ಗ್ಯಾಲಿಯಂ, ಸತು ಮತ್ತು ಆಮ್ಲಜನಕ ಸೇರಿದ ಒಂದು ಆಕ್ಸೈಡ್. ಇದರಿಂದ ಬಗ್ಗಿಸಬಹುದಾದ ಟ್ರಾನ್ಸಿಸ್ಟರ್ ಮಾಡಿ ಜಪಾನಿನ ಹಿಡಿಯೊ ಹೊಸೊನೊ ಅವರ ತಂಡ 2004ರಲ್ಲಿ ತೋರಿಸಿತು. ಆಕ್ಸೈಡ್ ಟ್ರಾನ್ಸಿಸ್ಟರನ್ನು ಮುಚ್ಚಿದರೆ ಸೋರಿಕೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಸಿಲಿಕಾನಿನಷ್ಟು ಚುರುಕಾಗಿ ಅದು ಕರೆಂಟು ಹರಿಸುವುದಿಲ್ಲ. ಹಾಗಾಗಿ ಪರದೆ ತಯಾರಿಸುವವರು ಎರಡನ್ನೂ ಬೆರೆಸಿದರು. ಪಿಕ್ಸೆಲ್ ಉರಿಸುವ ಟ್ರಾನ್ಸಿಸ್ಟರ್ ಸಿಲಿಕಾನಿನದು, ಬಾಗಿಲು ಕಾಯುವುದು ಆಕ್ಸೈಡಿನದು. ಎಲ್‌ಟಿಪಿಒ ಅನ್ನುವುದು ಈ ಬೆರಕೆಗೆ. ಆಪಲ್ ವಾಚ್‌ಗೆ ಇದು 2018ರಲ್ಲೇ ಬಂತು. ಮರುವರ್ಷ 1 ಹರ್ಟ್ಸ್‌ಗೆ ಇಳಿದು, ಗಡಿಯಾರ ಸದಾ ಕಾಣುವಂತಾಯಿತು. ಫೋನುಗಳಲ್ಲಿ 2020ರಿಂದ ಶುರುವಾಗಿ, 2022ರ ಐಫೋನ್ 14 ಪ್ರೊ ಹೊತ್ತಿಗೆ 1 ಹರ್ಟ್ಸ್ ಆಲ್ವೇಸ್ ಆನ್ ಡಿಸ್‌ಪ್ಲೇ ತನಕ ಬಂತು.

ಬರೆಯುವ ಖರ್ಚು ಎಲ್ಲೆಲ್ಲಿ ಆಗುತ್ತದೆ ನೋಡೋಣ. 2400 ಸಾಲುಗಳ ಪರದೆಯನ್ನು 120 ಹರ್ಟ್ಸ್‌ನಲ್ಲಿ ಬರೆಯಬೇಕಾದರೆ ಒಂದು ಸಾಲಿಗೆ ಸಿಗುವುದು ಸುಮಾರು 3.5 ಮೈಕ್ರೊಸೆಕೆಂಡು. ಅಷ್ಟರೊಳಗೆ ಮೇಲಿಂದ ಕೆಳಗಿನ ತನಕ ಹೋಗುವ ಸಾವಿರಾರು ತಂತಿಗಳನ್ನು ಹೊಸ ವೋಲ್ಟೇಜಿಗೆ ಏರಿಸಬೇಕು, ಇಲ್ಲವೇ ಇಳಿಸಬೇಕು. ಎಷ್ಟು ಸಲ ಹೀಗೆ ಮಾಡುತ್ತೀರೋ ಅಷ್ಟು ಖರ್ಚು. ಇದು ಪರದೆಯೊಳಗಿನ ಮಾತಾಯಿತು. ಹೊರಗೆ ಇನ್ನೂ ಇದೆ. ಚಿತ್ರ ಬದಲಾಗುತ್ತಿದ್ದರೆ ಗ್ರಾಫಿಕ್ಸ್ ಚಿಪ್ಪು ಪ್ರತಿ ಫ್ರೇಮನ್ನೂ ಹೊಸದಾಗಿ ಬಿಡಿಸಬೇಕು, ಮೆಮೊರಿಯಿಂದ ಎತ್ತಿ ಪರದೆಗೆ ಸಾಗಿಸಬೇಕು. ಬೆರಳಿಟ್ಟು ಸ್ಕ್ರೋಲ್ ಮಾಡುವಾಗ ಈ ಹೊರಗಿನ ಖರ್ಚೇ ದೊಡ್ಡದಾಗುವುದುಂಟು. ಬೆರಳು ಎತ್ತಿ ಪುಟ ನಿಂತ ಮೇಲೆ, ಒಳ್ಳೆಯ ಫೋನಿನಲ್ಲಿ ಬರೆಯುವ ವೇಗ ಸ್ವಲ್ಪ ಹೊತ್ತಿನಲ್ಲೇ ಹಂತ ಹಂತವಾಗಿ ಕೆಳಗಿಳಿಯುತ್ತದೆ.

ಇಳಿಯಬೇಕು, ಆದರೆ ಎಷ್ಟೋ ಸಲ ಇಳಿಯುವುದಿಲ್ಲ. ಪುಟದ ಮೂಲೆಯಲ್ಲಿ ಕುಣಿಯುವ ಒಂದು ಜಾಹೀರಾತಿದ್ದರೆ, ಲೋಡಿಂಗ್ ಚಕ್ರ ಸುಮ್ನೆ ತಿರುಗುತ್ತಿದ್ದರೆ, ಅಷ್ಟು ಸಣ್ಣ ಜಾಗಕ್ಕಾಗಿ ಇಡೀ ಪರದೆ ಮೇಲಿನ ವೇಗದಲ್ಲೇ ನಿಲ್ಲಬಹುದು. ಇನ್ನೊಂದು ಕಾರಣ ಕತ್ತಲೆ. ರಾತ್ರಿ ಹೊಳಪನ್ನು ತೀರಾ ತಗ್ಗಿಸಿದಾಗ ಪಿಕ್ಸೆಲ್ಲಿಗೆ ಹೋಗುವ ಕರೆಂಟು ಬಹಳ ಸಣ್ಣದು. ಆಗ ವೇಗ ಬದಲಾದ ಕ್ಷಣದಲ್ಲಿ ಬಣ್ಣ ಒಂದಿಷ್ಟು ಜಿಗಿದರೂ ಕಣ್ಣು ಹಿಡಿದುಬಿಡುತ್ತದೆ. ಅದನ್ನು ತಪ್ಪಿಸಲು ಕೆಲವು ಫೋನುಗಳು ಮಂದ ಬೆಳಕಿನಲ್ಲಿ ವೇಗ ಇಳಿಸುವುದನ್ನೇ ಬಿಡುತ್ತವೆ. ಆಂಡ್ರಾಯ್ಡಿನ ಡೆವಲಪರ್ ಆಯ್ಕೆಗಳಲ್ಲಿ ಈ ವೇಗವನ್ನು, ಅಂದರೆ ರಿಫ್ರೆಶ್ ರೇಟನ್ನು ತೋರಿಸುವ ಗುಂಡಿ ಇರುತ್ತದೆ. ಅದನ್ನು ಹಾಕಿಕೊಂಡು, ಮೂಲೆಯಲ್ಲಿ ಮೂಡುವ ಅಂಕಿಯನ್ನು ಗಮನಿಸುತ್ತಾ ದಿನನಿತ್ಯದ ಆ್ಯಪ್‌ಗಳನ್ನು ತೆರೆದು ನೋಡಿ. ಕೆಲವು ಆ್ಯಪ್‌ಗಳಲ್ಲಿ ಅದು ಕೆಳಗೆ ಬರುವುದೇ ಇಲ್ಲ.

ಆಲ್ವೇಸ್ ಆನ್ ಡಿಸ್‌ಪ್ಲೇ ವಿಷಯ ಇದಕ್ಕಿಂತ ಬೇರೆ. ಅಲ್ಲಿ ಫೋನಿನ ಮುಖ್ಯ ಚಿಪ್ಪು ಹೆಚ್ಚು ಹೊತ್ತು ನಿದ್ದೆ ಮಾಡುತ್ತಿರುತ್ತದೆ. ಚಿತ್ರದ ಒಂದು ಪ್ರತಿಯನ್ನು ಪರದೆಯ ಸ್ವಂತ ಚಿಪ್ಪು ತನ್ನ ಮೆಮೊರಿಯಲ್ಲಿ ಇಟ್ಟುಕೊಂಡು, ತಾನೇ ಬರೆದುಕೊಳ್ಳುತ್ತದೆ. ನಿಮಿಷಕ್ಕೊಮ್ಮೆ ಗಡಿಯಾರ ಬದಲಿಸಲು ಮುಖ್ಯ ಚಿಪ್ಪು ಎದ್ದು ಮತ್ತೆ ಮಲಗುತ್ತದೆ. ಸೆಕೆಂಡಿನ ಮುಳ್ಳನ್ನು ಸಾಮಾನ್ಯವಾಗಿ ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಕಪ್ಪು ಪಿಕ್ಸೆಲ್ಲುಗಳು ಉರಿಯುವುದಿಲ್ಲ, ಆದ್ದರಿಂದ ಗಡಿಯಾರದ ಗೆರೆಗಳಿಗಷ್ಟೇ ಬೆಳಕಿನ ಖರ್ಚು. ಹಿಂದಿನಿಂದ ಇಡೀ ಪರದೆಗೆ ಬೆಳಕು ಬಿಡುವ ಎಲ್‌ಸಿಡಿಯಲ್ಲಿ ಈ ಅನುಕೂಲ ಇಲ್ಲ.

ಹಾಗಂತ ಗಡಿಯಾರವನ್ನು ಅರ್ಧಕ್ಕೆ ಕುಗ್ಗಿಸಿದರೆ ಖರ್ಚೂ ಅರ್ಧ ಆಗುವುದಿಲ್ಲ. ಪರದೆಯ ಚಿಪ್ಪು ಎಚ್ಚರವಾಗಿರಬೇಕು. ಬ್ಯಾಟರಿಯ ವೋಲ್ಟೇಜನ್ನು ಪರದೆಗೆ ಹೊಂದಿಸುವ ಪರಿವರ್ತಕವೂ ಓಡುತ್ತಿರಬೇಕು. ಹೊರೆ ತೀರಾ ಕಡಿಮೆಯಾದಾಗ ಇಂಥ ಪರಿವರ್ತಕಗಳ ದಕ್ಷತೆಯೇ ಬೀಳುತ್ತದೆ. ಒಂದೇ ಒಂದು ಚುಕ್ಕೆ ಉರಿಸಿದರೂ ಈ ಕನಿಷ್ಠ ಬಾಡಿಗೆ ಕಟ್ಟಲೇಬೇಕು.

ಈಗ ಒಂದು ಮಾಮೂಲಿ ದಿನದ ಲೆಕ್ಕ ಹಾಕೋಣ. 5000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 19 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅಂದರೆ ಶೇಕಡಾ 1 ಎಂದರೆ 190 ಮಿಲಿವ್ಯಾಟ್-ಅವರ್. ಮುಂದಿನ ಮಿಲಿವ್ಯಾಟ್‌ಗಳು ಲೆಕ್ಕಕ್ಕೆಂದು ನಾನು ಹಿಡಿದಿರುವ ಅಂದಾಜುಗಳು, ಫೋನಿನಿಂದ ಫೋನಿಗೆ ಬದಲಾಗುತ್ತವೆ.

ದಿನಕ್ಕೆ 5 ಗಂಟೆ ಪರದೆ ಬಳಸುತ್ತೀರಿ ಅಂದುಕೊಳ್ಳಿ. ಕನಿಷ್ಠ ವೇಗಕ್ಕೆ ಹೋಲಿಸಿದರೆ ಸದಾ 120 ಹರ್ಟ್ಸ್‌ನಲ್ಲೇ ಬರೆಯಲು 200 ಮಿಲಿವ್ಯಾಟ್ ಜಾಸ್ತಿ ಬೇಕು ಎಂದಿಟ್ಟುಕೊಂಡರೆ, 5 ಗಂಟೆಗೆ 1000 ಮಿಲಿವ್ಯಾಟ್-ಅವರ್ ಆಯಿತು. ಬ್ಯಾಟರಿಯ ಶೇಕಡಾ 5ಕ್ಕಿಂತ ಸ್ವಲ್ಪ ಮೇಲೆ. ವೇಗ ಬದಲಿಸುವ ಪರದೆಯಾದರೆ, ಬೆರಳು ಆಡುವ ಒಂದೂವರೆ ಗಂಟೆ ಮಾತ್ರ ಪೂರ್ತಿ ವೇಗ. ಇನ್ನೊಂದೂವರೆ ಗಂಟೆ ವಿಡಿಯೊ, ಅದಕ್ಕೆ 24, 30 ಅಥವಾ 60 ಹರ್ಟ್ಸ್ ಸಾಕು. ಉಳಿದ 2 ಗಂಟೆ ಓದು, ಆಗ ಚಿತ್ರ ನಿಂತಿರುತ್ತದೆ. ಪೂರ್ತಿ ವೇಗಕ್ಕೆ 300, ಉಳಿದ ಎರಡಕ್ಕೆ 150ರಷ್ಟು ಹಿಡಿದು ಕೂಡಿದರೆ ಸುಮಾರು 450 ಮಿಲಿವ್ಯಾಟ್-ಅವರ್. ಉಳಿತಾಯ ಆದದ್ದು 550, ಶೇಕಡಾ 3ರ ಹತ್ತಿರ. ಕೆಟ್ಟದ್ದೇನಲ್ಲ. ಆದರೆ ಬೆಳಕಿನ ಖರ್ಚಿನ ಪಕ್ಕ ಇಟ್ಟು ನೋಡಿ. ಮನೆಯೊಳಗಿನ ಮಧ್ಯಮ ಹೊಳಪಿಗೆ 500 ಮಿಲಿವ್ಯಾಟ್ ಹಿಡಿದರೂ 5 ಗಂಟೆಗೆ ಶೇಕಡಾ 13. ಒಂದೇ ಒಂದು ಗಂಟೆ ಬಿಸಿಲಿನಲ್ಲಿ ಪೂರ್ತಿ ಹೊಳಪಿಟ್ಟು, ಬಿಳಿ ಹಿನ್ನೆಲೆಯ ಪುಟ ನೋಡಿದರೆ 2 ವ್ಯಾಟ್ ಹೋಗುವುದು ಕಷ್ಟವಲ್ಲ. ಆ ಒಂದು ಗಂಟೆಗೇ ಶೇಕಡಾ 10. ಇಡೀ ದಿನ 1 ಹರ್ಟ್ಸ್‌ ಉಳಿಸಿಕೊಟ್ಟದ್ದನ್ನು ಬಿಸಿಲು ಇಪ್ಪತ್ತೇ ನಿಮಿಷದಲ್ಲಿ ತಿಂದುಹಾಕುತ್ತದೆ.

ಆಲ್ವೇಸ್ ಆನ್ ಲೆಕ್ಕ ತಲೆಕೆಳಗು. ಇಲ್ಲಿ ಖರ್ಚು ಸಣ್ಣದು, ಹೊತ್ತು ದೊಡ್ಡದು. ದಿನದ ಉಳಿದ 19 ಗಂಟೆಯಲ್ಲಿ 8 ಗಂಟೆ ನಿದ್ದೆಗೆ ಹೋಯಿತು, 4 ಗಂಟೆ ಫೋನು ಜೇಬಿನಲ್ಲಿತ್ತು. ಜೇಬಿನಲ್ಲಿದ್ದಾಗ ಸೆನ್ಸರ್ ಗುರುತಿಸಿ ಪರದೆ ಆರಿಸುತ್ತದೆ. ಮೇಜಿನ ಮೇಲೆ ಕಾಣುತ್ತಿದ್ದದ್ದು 7 ಗಂಟೆ. ಕಪ್ಪು ಹಿನ್ನೆಲೆಯ ಗಡಿಯಾರಕ್ಕೆ 60 ಮಿಲಿವ್ಯಾಟ್ ಎಂದರೆ 420, ಶೇಕಡಾ 2ರ ಆಸುಪಾಸು. ರಾತ್ರಿಯೂ ಹಾಗೇ ಬಿಟ್ಟರೆ ಶೇಕಡಾ 5ರ ಹತ್ತಿರ ಬರುತ್ತದೆ. ಮಂದ ಮಾಡಿದ ವಾಲ್‌ಪೇಪರನ್ನೂ ತೋರಿಸುವ ಬಗೆಯಾದರೆ ಗಂಟೆಯ ಖರ್ಚು ದುಪ್ಪಟ್ಟಾದರೂ ಆಶ್ಚರ್ಯವಿಲ್ಲ.

'ಗಡಿಯಾರ ಸದಾ ಕಾಣುತ್ತಿದ್ದರೆ ಫೋನನ್ನು ಪದೇ ಪದೇ ಎಬ್ಬಿಸುವುದು ತಪ್ಪುತ್ತದಲ್ವಾ, ಅಲ್ಲಿಗೆ ಸರಿಹೋಯಿತು' ಎನ್ನುವವರಿದ್ದಾರೆ. ಅದನ್ನೂ ಲೆಕ್ಕ ಹಾಕಿ ನೋಡಬಹುದು. ಬರೀ ಟೈಮ್ ನೋಡಲು ದಿನಕ್ಕೆ 60 ಸಲ, ಸಲಕ್ಕೆ 8 ಸೆಕೆಂಡು, 1 ವ್ಯಾಟ್‌ನಂತೆ ಪರದೆ ಎಬ್ಬಿಸಿದರೂ ಒಟ್ಟು 133 ಮಿಲಿವ್ಯಾಟ್-ಅವರ್. 420ರ ಮೂರನೇ ಒಂದು ಭಾಗವೂ ಆಗಲಿಲ್ಲ. ಅಷ್ಟಕ್ಕೂ ಟೈಮ್ ನೋಡಲು ಎಬ್ಬಿಸಿದವರು ಟೈಮ್ ನೋಡಿ ಸುಮ್ಮನಿರುತ್ತಾರಾ ಅನ್ನುವುದು ಬೇರೆ ವಿಷಯ.

ನಿಮ್ಮ ಫೋನಿನ ನಿಜವಾದ ಅಂಕಿ ಬೇಕೆಂದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟವನ್ನು ಪೂರ್ತಿ ನಂಬಬೇಡಿ. ಆಂಡ್ರಾಯ್ಡಿನಲ್ಲಿ ಬಹಳ ಕಾಲದಿಂದ ಆ ಲೆಕ್ಕಕ್ಕೆ ಆಧಾರ, ತಯಾರಕರು ತುಂಬಿಕೊಟ್ಟ `power_profile.xml` ಎಂಬ ಪಟ್ಟಿ. ಪರದೆ ಉರಿಯುವುದಕ್ಕೆ `screen.on`, ಆಲ್ವೇಸ್ ಆನ್‌ಗೆ `ambient.on` ಎಂದು ಅದರಲ್ಲಿ ಒಂದೊಂದು ಸಂಖ್ಯೆ ಇರುತ್ತದೆ. ಅದನ್ನು ಸಮಯದಿಂದ ಗುಣಿಸಿದ್ದನ್ನು ಬಳಕೆ ಎಂದು ತೋರಿಸಲಾಗುತ್ತದೆ. ಪಟ್ಟಿಯಲ್ಲಿ ಬರೆದದ್ದು ತಪ್ಪಿದ್ದರೆ ತೋರಿಸುವುದೂ ತಪ್ಪು.

ಎರಡು ರಾತ್ರಿ ಅಳೆಯುವುದು ಮೇಲು. ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಪರದೆ ಮೇಲೆ ಮಾಡಿ ಮಲಗಿಸಿ. ಒಂದು ರಾತ್ರಿ ಆಲ್ವೇಸ್ ಆನ್ ಇಲ್ಲದೆ, ಇನ್ನೊಂದು ರಾತ್ರಿ ಅದರ ಜೊತೆ. ಕೋಣೆಯಲ್ಲಿ ಒಂದು ದೀಪ ಉರಿಯುತ್ತಿರಲಿ. ಪೂರ್ತಿ ಕತ್ತಲಾದರೆ ಕೆಲವು ಫೋನುಗಳು ಗಡಿಯಾರವನ್ನೇ ಆರಿಸಿಬಿಡುತ್ತವೆ, ಆಗ ನೀವು ಅಳೆದದ್ದು ಏನೂ ಅಲ್ಲದ್ದನ್ನು. ಆಂಡ್ರಾಯ್ಡ್ ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಯುಎಸ್‌ಬಿ ಡಿಬಗಿಂಗ್ ಹಾಕಿಕೊಂಡು, ಶುರುವಿನಲ್ಲೂ ಕೊನೆಯಲ್ಲೂ `adb` ಉಪಕರಣ ಇರುವ ಕಂಪ್ಯೂಟರಿನಿಂದ ಈ ಆದೇಶ ಕೊಟ್ಟರೆ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಬಹುತೇಕ ಫೋನುಗಳು ಹೇಳುತ್ತವೆ:

```
adb shell dumpsys battery
```

ಅದರಲ್ಲಿ `Charge counter` ಎಂಬ ಸಾಲು ನೋಡಿ. ಅದು ಮೈಕ್ರೊಆಂಪ್-ಅವರ್‌ನಲ್ಲಿ ಇರುತ್ತದೆ, 1000ದಿಂದ ಭಾಗಿಸಿದರೆ ಎಂಎಎಚ್. ಕೇಬಲ್ ಸಿಕ್ಕಿಸಿದ ತಕ್ಷಣ ಚಾರ್ಜ್ ಏರತೊಡಗುತ್ತದೆ, ಹಾಗಾಗಿ ಕೂಡಲೇ ಓದಿ ಕಿತ್ತುಬಿಡಿ. ಮೊದಲ ರಾತ್ರಿ 8 ಗಂಟೆಗೆ 60 ಎಂಎಎಚ್ ಇಳಿದು, ಎರಡನೇ ರಾತ್ರಿ 190 ಇಳಿಯಿತು ಎಂದುಕೊಳ್ಳಿ. ವ್ಯತ್ಯಾಸ 130. 8 ಗಂಟೆಯಿಂದ ಭಾಗಿಸಿದರೆ ಸರಾಸರಿ 16 ಮಿಲಿಆಂಪ್‌ನಷ್ಟು, ಅದನ್ನು ಬ್ಯಾಟರಿಯ 3.85 ವೋಲ್ಟ್‌ನಿಂದ ಗುಣಿಸಿದರೆ 60ರ ಚಿಲ್ಲರೆ ಮಿಲಿವ್ಯಾಟ್. ನಿಮ್ಮದು 150 ಮಿಲಿವ್ಯಾಟ್ ದಾಟಿದರೆ ಮೊದಲು ವಾಲ್‌ಪೇಪರ್ ತೋರಿಸುವ ಆಯ್ಕೆಯನ್ನು ತೆಗೆದು ಇನ್ನೊಂದು ರಾತ್ರಿ ನೋಡಿ. ಆಗಲೂ ಇಳಿಯದಿದ್ದರೆ ಬೆಳಕನ್ನು ದೂರುವ ಹಾಗಿಲ್ಲ. ಪರದೆ 1 ಹರ್ಟ್ಸ್ ತನಕ ಇಳಿಯದೆ ಮೇಲಿನ ವೇಗದಲ್ಲೇ ಬರೆಯುತ್ತಿರಬಹುದು, ಅಥವಾ ಗಡಿಯಾರದ ಜೊತೆಗೆ ಹಾಕಿಕೊಂಡ ಯಾವುದೋ ವಿಜೆಟ್ ಮುಖ್ಯ ಚಿಪ್ಪನ್ನು ಪದೇ ಪದೇ ಎಬ್ಬಿಸುತ್ತಿರಬಹುದು.