ಒತ್ತಕ್ಷರ ಕಾಣುವಷ್ಟು ಜಾಗ, ಓದಿ ಮುಗಿಸುವಷ್ಟು ಹೊತ್ತು

ಅಕ್ಕಿರೊಟ್ಟಿ ಮಾಡುವ ಒಂದು ನಿಮಿಷದ ವಿಡಿಯೋವೊಂದಕ್ಕೆ ಕನ್ನಡ ಸಬ್‌ಟೈಟಲ್ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಅಕ್ಷರಗಳು ಚೆನ್ನಾಗಿಯೇ ಕಂಡಿದ್ದವು. ಅದನ್ನೇ ಫೋನಿನಲ್ಲಿ ತೆರೆದಾಗ, ಬಿಳಿ ಹಿಟ್ಟಿನ ಮೇಲೆ ಬಿದ್ದ ಬಿಳಿ ಅಕ್ಷರಗಳು ಅರ್ಧಕ್ಕರ್ಧ ಕರಗಿಹೋಗಿದ್ದವು. ಉಳಿದವುಗಳಲ್ಲಿ ‘ಅಕ್ಕಿ’ಯ ಒತ್ತು ಬರಿಯ ಚುಕ್ಕೆಯಂತೆ ಕಾಣುತ್ತಿತ್ತು. ‘ಅಕ್ಕಿ ಹಿಟ್ಟಿಗೆ ಕುದಿಯುವ ನೀರು ಸೇರಿಸಿ ಐದು ನಿಮಿಷ ಮುಚ್ಚಿಡಿ’ ಎಂಬ ಒಂದೇ ವಾಕ್ಯವನ್ನು ಸರಿಪಡಿಸಲು ಹೊರಟಾಗ ಗೊತ್ತಾದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗಾತ್ರದ ಮಾತು. ಸುಮಾರು 6.5 ಇಂಚಿನ ಫೋನನ್ನು ನೆಟ್ಟಗೆ ಹಿಡಿದರೆ ಪರದೆಯ ಅಗಲ ಹೆಚ್ಚುಕಡಿಮೆ 68 ಮಿಲಿಮೀಟರ್. 1080 ಪಿಕ್ಸೆಲ್ ಅಗಲದ ಲಂಬ ವಿಡಿಯೋ ಅದರ ತುಂಬ ಹರಡಿದಾಗ ಒಂದು ಮಿಲಿಮೀಟರಿಗೆ 16 ಪಿಕ್ಸೆಲ್ ಬೀಳುತ್ತದೆ. ಫೋನನ್ನು ನಾವು ಕಣ್ಣಿನಿಂದ ಸುಮಾರು 35 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತೇವೆ ಎಂದುಕೊಳ್ಳೋಣ. ಇಂಗ್ಲಿಷ್ ಓದಿನ ಅಧ್ಯಯನಗಳ ಪ್ರಕಾರ, ತಡವರಿಸದೆ ಓದಲು ಸಣ್ಣಕ್ಷರದ ಮೈ ಕಣ್ಣಿಗೆ ಕನಿಷ್ಠ 0.2 ಡಿಗ್ರಿಯಷ್ಟಾದರೂ ಕಾಣಬೇಕು. 35 ಸೆಂಟಿಮೀಟರ್ ದೂರದಲ್ಲಿ ಅದು 1.2 ಮಿಲಿಮೀಟರ್ ಆಗುತ್ತದೆ. ಈ ಅಳತೆಯನ್ನು ಕನ್ನಡಕ್ಕೆ ಹಾಗೆಯೇ ತಂದರೆ ಮೋಸಹೋಗುತ್ತೇವೆ. ನಮ್ಮ ಲಿಪಿಯಲ್ಲಿ ಒಂದು ಅಕ್ಷರವನ್ನು ಇನ್ನೊಂದರಿಂದ ಬೇರೆ ಮಾಡುವುದು ಅದರ ಅತಿ ಚಿಕ್ಕ ಅಂಗ. ‘ದನ’ಕ್ಕೂ ‘ಧನ’ಕ್ಕೂ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀಟು ಮಾತ್ರ. ಒತ್ತಕ್ಷರವಂತೂ ಮುಖ್ಯ ಅಕ್ಷರಕ್ಕಿಂತ ಚಿಕ್ಕದಾಗಿ, ಅದರ ಕೆಳಗೆ ಅಥವಾ ಪಕ್ಕದಲ್ಲಿ ಕೂರುತ್ತದೆ. ಆದ್ದರಿಂದ ನಾನು 1.2 ಮಿಲಿಮೀಟರಿನ ಲೆಕ್ಕವನ್ನು ಅಕ್ಷರದ ಮೈಗೆ ಹಿಡಿಯದೆ ಒತ್ತಿಗೆ ಹಿಡಿದೆ. ಒತ್ತು ಅಷ್ಟಿರಬೇಕಾದರೆ ಮುಖ್ಯ ಅಕ್ಷರದ ಮೈ ಸುಮಾರು 2 ಮಿಲಿಮೀಟರ್, ಅಂದರೆ 32 ಪಿಕ್ಸೆಲ್ ಇರಬೇಕಾಗುತ್ತದೆ. ತಂತ್ರಾಂಶದಲ್ಲಿ ನಾವು ಕೊಡುವ ಫಾಂಟ್ ಗಾತ್ರವು ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲಕ್ಕೂ ಸೇರಿದ ಅಳತೆಯಾದ್ದರಿಂದ, ಅಕ್ಷರದ ಮೈ ಅದರ ಅರ್ಧದಷ್ಟೇ ಇರುತ್ತದೆ. ಹಾಗಾಗಿ 32 ಪಿಕ್ಸೆಲ್ ಮೈ ಬೇಕೆಂದರೆ ಗಾತ್ರವನ್ನು 60ರಿಂದ 64ರ ಆಸುಪಾಸಿನಲ್ಲಿ ಇಡಬೇಕು. ಫಾಂಟಿನಿಂದ ಫಾಂಟಿಗೆ ಇದು ಬದಲಾಗುವುದರಿಂದ ಅಳೆದು ನೋಡುವುದೇ ಸರಿಯಾದ ದಾರಿ.

ಈ ಗಾತ್ರದಲ್ಲಿ ಒಂದು ಸಾಲಿಗೆ ಹದಿನಾರು ಹದಿನೇಳು ಅಕ್ಷರಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ನಮ್ಮ ವಾಕ್ಯದಲ್ಲಿ 22 ಅಕ್ಷರಗಳಿವೆ. ಅದನ್ನು ಅರ್ಥ ನಿಲ್ಲುವ ಕಡೆ ಮುರಿದು, ‘ಅಕ್ಕಿ ಹಿಟ್ಟಿಗೆ ಕುದಿಯುವ ನೀರು ಸೇರಿಸಿ’ ಎಂಬುದನ್ನು ಮೇಲಿನ ಸಾಲಿಗೂ, ‘ಐದು ನಿಮಿಷ ಮುಚ್ಚಿಡಿ’ ಎಂಬುದನ್ನು ಕೆಳಗಿನ ಸಾಲಿಗೂ ಹಾಕಿದೆ. ಆಗ ಇನ್ನೊಂದು ತೊಡಕು ಕಾಣಿಸಿತು: ‘ಹಿಟ್ಟಿಗೆ’ಯ ಒತ್ತು ಕೆಳಗಿಳಿದು ‘ನಿಮಿಷ’ದ ಗುಡಿಸಿಗೆ ತಾಗುತ್ತಿತ್ತು. ಇಂಗ್ಲಿಷಿಗೆಂದು ಹೊಂದಿಸಿಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ಹಿನ್ನೆಲೆಯ ಪಟ್ಟಿಯ ಅಂಚು ಒತ್ತನ್ನು ಕತ್ತರಿಸಿಯೇ ಬಿಡುತ್ತದೆ, ‘ಅಕ್ಕಿ’ ಎಂಬುದು ‘ಅಕಿ’ ಆಗುತ್ತದೆ. ‘ಸ್ತ್ರೀ’ ಎಂಬ ಪದವನ್ನು ಎರಡು ಸಾಲುಗಳಲ್ಲೂ ಟೈಪಿಸಿ ನೋಡಿದರೆ ಈ ಎರಡೂ ದೋಷಗಳು ಒಂದೇ ನೋಟಕ್ಕೆ ಸಿಕ್ಕಿಬೀಳುತ್ತವೆ.

ಇನ್ನು ಕಾಂಟ್ರಾಸ್ಟ್ ಎಂದು ಕರೆಯುವ ಬೆಳಕಿನ ಅಂತರ. ವೆಬ್ ಬರಹಗಳ ಸುಲಭಗ್ರಾಹ್ಯತೆಗೆಂದು ರೂಪಿಸಿರುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ ಅದನ್ನು ಲೆಕ್ಕಹಾಕುವ ಸೂತ್ರವಿದೆ:

```
(L1 + 0.05) / (L2 + 0.05)
```

L1 ಎಂಬುದು ಹೆಚ್ಚು ಬೆಳಕಿನ ಬಣ್ಣದ ಹೊಳಪು, L2 ಕಡಿಮೆ ಬೆಳಕಿನದು. ಬಿಳಿಗೆ 1, ಕಪ್ಪಿಗೆ 0. ಬಿಳಿ ಮತ್ತು ಕಪ್ಪಿನ ನಡುವೆ ಈ ಲೆಕ್ಕ 21 ಬರುತ್ತದೆ, ಸಾಧಾರಣ ಗಾತ್ರದ ಬರಹಕ್ಕೆ ಕನಿಷ್ಠ 4.5 ಬೇಕು. ವಿಡಿಯೋದಲ್ಲಿ ಹಿನ್ನೆಲೆ ಕ್ಷಣಕ್ಷಣಕ್ಕೂ ಬದಲಾಗುವುದರಿಂದ, ಅಕ್ಷರದ ಹಿಂದೆ ಬರಬಹುದಾದ ಅತಿ ಕೆಟ್ಟ ಹಿನ್ನೆಲೆಗೆ ಈ ಲೆಕ್ಕ ಹಾಕಬೇಕು. ನನ್ನ ವಿಡಿಯೋದಲ್ಲಿ ಅದು ಬಿಳಿ ಹಿಟ್ಟು. ಬಿಳಿ ಅಕ್ಷರದ ಹಿಂದೆ ಅರೆಪಾರದರ್ಶಕ ಕಪ್ಪು ಪಟ್ಟಿಯೊಂದನ್ನು ಇಟ್ಟೆ. ಪಟ್ಟಿಯ ದಟ್ಟತೆ ಶೇಕಡಾ 50 ಇದ್ದಾಗ ಹಿಟ್ಟಿನ ಬಿಳುಪು ನಡುಬೂದಿಯಾಗಿ, ಅಂತರ 4ರಷ್ಟು ಸಿಕ್ಕಿತು, ಅದು ಸಾಲದು. ಶೇಕಡಾ 60ಕ್ಕೆ ಏರಿಸಿದಾಗ ಅಂತರ 5.7 ಆಯಿತು, 70ಕ್ಕೆ ಏರಿಸಿದಾಗ 8 ದಾಟಿತು. ಬಿಸಿಲಿನಲ್ಲಿ ನೋಡುವವರಿಗಾಗಿ ನಾನು 70ನ್ನೇ ಉಳಿಸಿಕೊಂಡೆ. ಬಿಸಿಲಿನಲ್ಲಿ ಪರದೆಯ ಗಾಜು ಪ್ರತಿಫಲಿಸುವ ಬೆಳಕು ಬಿಳಿಗೂ ಕಪ್ಪಿಗೂ ಸಮನಾಗಿ ಸೇರಿಕೊಳ್ಳುತ್ತದೆ. ಪರದೆಯ ಬಿಳಿ 500 ಪಾಲು ಬೆಳಗುತ್ತಿದ್ದು, ಪ್ರತಿಫಲನ 400 ಪಾಲು ಸೇರಿದರೆ, ಬಿಳಿ 900, ಕಪ್ಪು 400 ಆಗುತ್ತದೆ. ಎಷ್ಟೇ ಅಚ್ಚುಕಟ್ಟಾಗಿ ಬಣ್ಣ ಆರಿಸಿದ್ದರೂ ಉಳಿಯುವ ಅಂತರ 2.25 ಮಾತ್ರ. ಮನೆಯೊಳಗೇ ಕಷ್ಟದಿಂದ ತೇರ್ಗಡೆಯಾದ ಬಣ್ಣಗಳು ಹೊರಗೆ ಪೂರಾ ಸೋಲುವುದು ಇದರಿಂದಲೇ.

ಪಟ್ಟಿಯ ಬದಲು ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕಟ್ಟುವುದು ಈಗಿನ ರೂಢಿ. ಕನ್ನಡಕ್ಕೆ ಅದು ನನಗೆ ಒಪ್ಪಿಗೆಯಾಗಲಿಲ್ಲ. ಅಂಚು ಒಳಮುಖವಾಗಿ ಬೆಳೆಯುವ ತಂತ್ರಾಂಶಗಳಲ್ಲಿ ಅದು ‘ಧ’ದ ಗೀಟನ್ನು ತಿಂದುಹಾಕುತ್ತದೆ, ಹೊರಮುಖವಾಗಿ ಬೆಳೆದರೆ ಪಕ್ಕದ ಅಕ್ಷರದ ಒತ್ತಿಗೆ ಹೋಗಿ ಮುಟ್ಟುತ್ತದೆ. ಕೆಂಪು, ನೀಲಿ ಅಕ್ಷರಗಳಿಗೂ ಒಂದು ತೊಂದರೆಯಿದೆ. ಸಾಮಾನ್ಯವಾಗಿ ವಿಡಿಯೋವನ್ನು ಕುಗ್ಗಿಸುವಾಗ ಹೊಳಪಿನ ಮಾಹಿತಿಯನ್ನು ಪ್ರತಿ ಪಿಕ್ಸೆಲಿಗೂ ಉಳಿಸಿಕೊಂಡು, ಬಣ್ಣದ ಮಾಹಿತಿಯನ್ನು ನಾಲ್ಕು ಪಿಕ್ಸೆಲಿಗೆ ಒಂದರಂತೆ ಇಡುತ್ತಾರೆ. ಬಣ್ಣದಿಂದಷ್ಟೇ ಎದ್ದು ಕಾಣುವ ಅಕ್ಷರದ ಅಂಚು ಆಗ ಹಬ್ಬಿ ಮಸುಕಾಗುತ್ತದೆ. ಬಿಳಿ ಅಕ್ಷರಕ್ಕೆ ಈ ಬಾಧೆ ಇಲ್ಲ.

ಜಾಗದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಲಂಬ ವಿಡಿಯೋಗಳ ಆ್ಯಪ್‌ಗಳಲ್ಲಿ ಕೆಳಗಡೆ ಖಾತೆಯ ಹೆಸರೂ ವಿವರಣೆಯೂ, ಬಲ ಅಂಚಿನಲ್ಲಿ ಗುಂಡಿಗಳ ಸಾಲೂ ಕೂರುತ್ತವೆ; ನೋಡುವವರ ಹೆಬ್ಬೆರಳೂ ಅಲ್ಲೇ ಸುಳಿಯುತ್ತಿರುತ್ತದೆ. ಸಿನಿಮಾದ ಅಭ್ಯಾಸದಂತೆ ತೀರ ಕೆಳಗೆ ಇಟ್ಟ ಸಾಲು ಅವುಗಳಡಿ ಹುದುಗಿಹೋಗುತ್ತದೆ. ರೊಟ್ಟಿ ತಟ್ಟುವ ಕೈಗಳು ಚಿತ್ರದ ನಡುವೆ ಇದ್ದುದರಿಂದ ನಾನು ಪಟ್ಟಿಯನ್ನು ಅವುಗಳಿಗೆ ತುಸು ಮೇಲೆ ಇರಿಸಿದೆ. ಕಣ್ಣು ಒಮ್ಮೆಗೆ ಸ್ಪಷ್ಟವಾಗಿ ಕಾಣುವ ವಲಯ ಸುಮಾರು 2 ಡಿಗ್ರಿ, ಅಂದರೆ ಈ ದೂರದಲ್ಲಿ 12 ಮಿಲಿಮೀಟರ್ ಮಾತ್ರ. ಕೈಗೂ ಬರಹಕ್ಕೂ ಹತ್ತಿರವಿದ್ದಷ್ಟೂ ಕಣ್ಣಿನ ಓಡಾಟ ಕಡಿಮೆಯಾಗುತ್ತದೆ.

ಕೊನೆಗೆ ಹೊತ್ತಿನ ಲೆಕ್ಕ. ಸಬ್‌ಟೈಟಲ್ ತಂತ್ರಾಂಶಗಳು ಸೆಕೆಂಡಿಗೆ ಇಂತಿಷ್ಟು ಅಕ್ಷರ ಎಂಬ ಮಿತಿಯನ್ನು ಬಳಸುತ್ತವೆ, ಇಂಗ್ಲಿಷಿನಲ್ಲಿ 17 ಎಂಬುದು ಬಳಕೆಯಲ್ಲಿರುವ ಒಂದು ಅಂಕಿ. ಆದರೆ ಕನ್ನಡದಲ್ಲಿ ‘ಅಕ್ಷರ’ ಎಂದರೆ ಏನನ್ನು ಎಣಿಸಬೇಕು? ‘ಕ್ಕಿ’ ನಮಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು ಕ, ಸ್ವರವನ್ನು ಕಳೆಯುವ ವಿರಾಮ ಚಿಹ್ನೆ, ಕ, ಗುಡಿಸು ಎಂದು ನಾಲ್ಕು. ನಮ್ಮ ವಾಕ್ಯದಲ್ಲಿ ಕಣ್ಣಿಗೆ ಕಾಣುವ ಅಕ್ಷರಗಳು 22, ಖಾಲಿ ಜಾಗ ಸೇರಿ 29; ಯೂನಿಕೋಡ್ ಎಣಿಕೆಯಲ್ಲಿ ಖಾಲಿ ಜಾಗ ಸೇರಿ 53. 17ರ ಮಿತಿಯಂತೆ ಮೊದಲ ಎಣಿಕೆ 1.7 ಸೆಕೆಂಡು ಸಾಕೆನ್ನುತ್ತದೆ, ಎರಡನೆಯದು 3.1 ಸೆಕೆಂಡು ಬೇಕೆನ್ನುತ್ತದೆ. ವಾಕ್ಯವನ್ನು ಆತುರವಿಲ್ಲದೆ ಬಾಯಿಬಿಟ್ಟು ಓದಿದಾಗ ನನಗೆ ಹಿಡಿದದ್ದು ಮೂರೂವರೆ ಸೆಕೆಂಡು. ಕಣ್ಣು ಚಿತ್ರದಿಂದ ಬರಹಕ್ಕೆ ಬಂದು ಹಿಂದಿರುಗಲು ಅರ್ಧ ಸೆಕೆಂಡು ಸೇರಿಸಿ, ಅದನ್ನು ನಾಲ್ಕು ಸೆಕೆಂಡು ನಿಲ್ಲಿಸಿದೆ. ಅದಾದ ಮೇಲಿನ ಸಬ್‌ಟೈಟಲ್ ಬರುವ ಮುನ್ನ ಎರಡು ಫ್ರೇಮುಗಳಷ್ಟು ಖಾಲಿ ಬಿಟ್ಟೆ. ಆ ಚಿಕ್ಕ ಮಿನುಗು ಇಲ್ಲದಿದ್ದರೆ, ಹಿಟ್ಟಿನ ಮೇಲೆ ಕಣ್ಣಿಟ್ಟಿರುವವರಿಗೆ ಪಟ್ಟಿಯೊಳಗಿನ ಮಾತು ಬದಲಾದದ್ದೇ ತಿಳಿಯುವುದಿಲ್ಲ.